ಗೃಹಪ್ರವೇಶದ ಕರೆಯೋಲೆಯನ್ನು ವಾಟ್ಸಾಪ್ ಗುಂಪಿಗೆ ತಿದ್ದಿ ಬರೆಯುವುದು ಹೇಗೆ?

ಕರೆಯೋಲೆ ಗುಂಪಿಗೆ ಹಾಕಿ ಎರಡು ದಿನವಾಗಿದೆ. ಆದರೂ ‘ಎಷ್ಟು ಗಂಟೆಗೆ ಬರ್ಬೇಕು?’, ‘ಊಟ ಮಧ್ಯಾಹ್ನಾನಾ, ರಾತ್ರೀನಾ?’, ‘ಲೊಕೇಶನ್ ಕಳ್ಸಿ’ ಎಂಬ ಪ್ರಶ್ನೆಗಳು ನಿಂತಿಲ್ಲ. ಇದಕ್ಕೇನು ಮಾಡುವುದು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ನೆಂಟರು ಓದುವುದಿಲ್ಲ ಎಂದು ಬೇಸರಪಡುವ ಮುಂಚೆ ಒಮ್ಮೆ ನೀವು ಹಾಕಿದ ಬರಹವನ್ನೇ ನೋಡಿ. ಅಚ್ಚಿನ ಲಗ್ನಪತ್ರಿಕೆಯನ್ನು ಜನ ಕೈಯಲ್ಲಿ ಹಿಡಿದು ಕೂತು ಓದುತ್ತಾರೆ, ಆಮೇಲೆ ದೇವರ ಮನೆಯಲ್ಲೋ ಕ್ಯಾಲೆಂಡರಿನ ಹಿಂದೆಯೋ ಇಡುತ್ತಾರೆ. ಗುಂಪಿನ ಸಂದೇಶವನ್ನು ಬಸ್ಸಿನಲ್ಲಿ ನಿಂತುಕೊಂಡು, ಒಲೆಯ ಮುಂದೆ, ಕನ್ನಡಕವಿಲ್ಲದೆ ಓದುತ್ತಾರೆ. ಹೊರಡುವ ದಿನ ಆಟೋದಲ್ಲಿ ಕೂತು ಮತ್ತೆ ಹುಡುಕುತ್ತಾರೆ. ಎರಡಕ್ಕೂ ಒಂದೇ ಬರಹ ಸಾಲದು.

ಎಲ್ಲ ಸಮಾರಂಭಗಳ ಬಗ್ಗೆ ಒಟ್ಟಿಗೆ ಹೇಳುವ ಬದಲು ಗೃಹಪ್ರವೇಶವೊಂದನ್ನೇ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ಬೆಂಗಳೂರಿನಲ್ಲಿ ಕರೆಯೋಲೆ ಹೆಚ್ಚು ಎಡವುವುದು ಇಲ್ಲೇ. ಕಲ್ಯಾಣ ಮಂಟಪವಾದರೆ ನಾಲ್ಕು ಜನಕ್ಕೆ ಗೊತ್ತಿರುತ್ತದೆ. ಹೊಸ ಬಡಾವಣೆಯ ಹೊಸ ಮನೆಯನ್ನು ಯಾರೂ ನೋಡಿರುವುದಿಲ್ಲ. ಕಾರ್ಯಕ್ರಮವೂ ಎರಡು ದಿನಕ್ಕೆ ಹರಡಿಕೊಂಡಿರುತ್ತದೆ.

ನಾವು ತಿದ್ದಲಿರುವ ಮಾದರಿ ಕರೆಯೋಲೆ ಇದು. ಅಚ್ಚಿನ ಪತ್ರಿಕೆಯಲ್ಲಿದ್ದದ್ದನ್ನು ಹಾಗೇ ಗುಂಪಿಗೆ ಇಳಿಸಿದ್ದಾರೆ.

```
॥ ಶ್ರೀ ಗಣೇಶಾಯ ನಮಃ ॥ ಆತ್ಮೀಯ ಬಂಧುಗಳೇ, ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ ವರ್ಷ 1946ನೇ ಶ್ರೀ ಕ್ರೋಧಿನಾಮ ಸಂವತ್ಸರದ ಉತ್ತರಾಯಣ ಶಿಶಿರ ಋತು ಮಾಘ ಮಾಸ ಶುಕ್ಲ ಪಕ್ಷ ದಶಮಿ ದಿನಾಂಕ 07-02-2025ನೇ ಶುಕ್ರವಾರ ಬೆಳಿಗ್ಗೆ 7-20 ರಿಂದ 8-30ರವರೆಗೆ ಸಲ್ಲುವ ಶುಭ ಕುಂಭ ಲಗ್ನದಲ್ಲಿ ನಾವು ನೂತನವಾಗಿ ನಿರ್ಮಿಸಿರುವ ಮನೆಯ ಗೃಹಪ್ರವೇಶವನ್ನು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವುಗಳು ಸಕುಟುಂಬ ಸಮೇತ ಆಗಮಿಸಿ ಆಶೀರ್ವದಿಸಬೇಕಾಗಿ ವಿನಂತಿ. ಹಿಂದಿನ ದಿನ ವಾಸ್ತು ಹೋಮ ಇರುತ್ತದೆ. ಸಂಜೆ ಸತ್ಯನಾರಾಯಣ ಪೂಜೆ. ಭೋಜನ ವ್ಯವಸ್ಥೆ ಇದೆ. ಸ್ಥಳ: ಬನಶಂಕರಿ 6ನೇ ಹಂತ, 4ನೇ ಬ್ಲಾಕ್, ನೀರಿನ ಟ್ಯಾಂಕ್ ಹತ್ತಿರ.
```

ಇದರಲ್ಲಿ ತಪ್ಪೆಂಬುದು ಒಂದೂ ಇಲ್ಲ. ಅಚ್ಚಿನಲ್ಲಿ ಇದು ಲಕ್ಷಣವಾಗಿಯೇ ಕಾಣುತ್ತದೆ. ಆದರೆ ಬಂದ ಸಂದೇಶದ ಸೂಚನೆ ಫೋನಿನ ಬೀಗದ ತೆರೆಯ ಮೇಲೆ ಎರಡು ಮೂರು ಸಾಲು ಮಾತ್ರ ಕಾಣಿಸುತ್ತದೆ. ಆ ಜಾಗವೆಲ್ಲ ಸಂವತ್ಸರ ಬರುವಷ್ಟರಲ್ಲಿ ಮುಗಿದುಹೋಗುತ್ತದೆ. ಗುಂಪು ತೆರೆದರೂ ಉದ್ದದ ಬರಹವನ್ನು ವಾಟ್ಸಾಪ್ ಮಡಿಸಿ, ಕೊನೆಯಲ್ಲಿ ‘ರೀಡ್ ಮೋರ್’ ಎಂದು ತೋರಿಸುತ್ತದೆ. ಅದನ್ನು ಒತ್ತದವರಿಗೆ ಸ್ಥಳ ಕಾಣುವುದೇ ಇಲ್ಲ.

ಮೊದಲು ಬೇಕಾದದ್ದು

ಅಚ್ಚಿನ ಪತ್ರಿಕೆಯ ಪ್ರತಿ, ಪುರೋಹಿತರ ಫೋನ್ ನಂಬರ್, ಅಡುಗೆಯವರಿಗೆ ಯಾವ ದಿನದೊಳಗೆ ಎಲೆ ಲೆಕ್ಕ ಕೊಡಬೇಕು ಎಂಬ ಮಾಹಿತಿ, ಹೊಸ ಮನೆಯ ಗೇಟಿನ ಮುಂದೆ ನಿಂತು ತೆಗೆದ ಲೊಕೇಶನ್. ಇವು ನಾಲ್ಕೂ ಕೈಯಲ್ಲಿದ್ದರೆ ಉಳಿದದ್ದು ಅರ್ಧ ಗಂಟೆಯ ಕೆಲಸ.

1. ಬರಹವನ್ನು ಯೂನಿಕೋಡ್‌ಗೆ ತನ್ನಿ

ಪ್ರೆಸ್ಸಿನವರು ಕಳಿಸಿದ ಫೈಲಿನಿಂದ ನಕಲು ಮಾಡಿ ಅಂಟಿಸಿದಾಗ ‘ಗೃಹಪ್ರವೇಶ’ ಎಂಬುದು ಈ ರೀತಿ ಬಂದರೆ ಗಾಬರಿಯಾಗಬೇಡಿ:

```
UÀÈºÀ¥ÀæªÉÃ±À
```

ಅಚ್ಚಿನ ಕೆಲಸದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇನ್ನೂ ಬಳಕೆಯಲ್ಲಿವೆ. ಅವು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ತೋರಿಸುತ್ತವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಒಳಗಿನ ಚಿಹ್ನೆಗಳೇ ಹೊರಬೀಳುತ್ತವೆ. ಯೂನಿಕೋಡ್ ಎಂದರೆ ಎಲ್ಲ ಫೋನುಗಳಿಗೂ ತಿಳಿಯುವ ಅಕ್ಷರ ಸಂಕೇತ. ನುಡಿಯಲ್ಲಿಯೂ ಬರಹದಲ್ಲಿಯೂ ಹಳೆಯದರಿಂದ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಆದರೆ ನಮಗೆ ಬೇಕಾಗಿರುವುದು ಹತ್ತು ಹದಿನೈದು ಸಾಲು. ಫೋನಿನ ಕನ್ನಡ ಕೀಲಿಮಣೆಯಲ್ಲೇ ಹೊಸದಾಗಿ ಟೈಪ್ ಮಾಡುವುದು ಹೆಚ್ಚು ಸುಲಭ. ಬದಲಿಸಿದ ಬರಹದಲ್ಲಿ ಒತ್ತಕ್ಷರವೊಂದು ಅದಲುಬದಲಾಗಿ ಹಿರಿಯರ ಹೆಸರೇ ಕೆಡುವುದುಂಟು.

ಪತ್ರಿಕೆಯ ಫೋಟೋ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಫೋಟೋ ಖಂಡಿತ ಹಾಕಿ, ಅದು ಮರ್ಯಾದೆ. ಆದರೆ ಫೋಟೋದೊಳಗಿನ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ, ಅದರೊಳಗಿನ ವಿಳಾಸ ಒತ್ತಿದರೆ ಮ್ಯಾಪ್ ತೆರೆಯುವುದಿಲ್ಲ. ವಾಟ್ಸಾಪ್ ಹುಡುಕಾಟದಲ್ಲಿ ‘ಗೃಹಪ್ರವೇಶ’ ಎಂದು ಟೈಪಿಸಿದರೂ ಆ ಫೋಟೋ ಸಿಗುವುದಿಲ್ಲ. ಆದ್ದರಿಂದ ಮೊದಲು ಪತ್ರಿಕೆಯ ಫೋಟೋ, ಅದರ ಕೆಳಗೆ ಪ್ರತ್ಯೇಕ ಸಂದೇಶವಾಗಿ ಬರಹ. ಸಂವತ್ಸರ, ಮಾಸ, ತಿಥಿ, ಲಗ್ನ, ದೇವರ ಹೆಸರು, ಆಹ್ವಾನಿಸುವ ಹಿರಿಯರ ಸಾಲು ಎಲ್ಲವೂ ಪತ್ರಿಕೆಯಲ್ಲಿ ಪೂರ್ತಿಯಾಗಿ ಇರುತ್ತವೆ. ಇದರಿಂದ ಬರಹವನ್ನು ಚಿಕ್ಕದು ಮಾಡಿದ್ದಕ್ಕೆ ಯಾವ ಅಜ್ಜಿಯೂ ನೊಂದುಕೊಳ್ಳುವುದಿಲ್ಲ.

2. ಯಾರಿಗೆ ಏನು ಬೇಕು ಎಂದು ಬಿಡಿಸಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಬರುವವರನ್ನು ನೆನೆಸಿಕೊಳ್ಳಿ. ನಮ್ಮ ಮಾದರಿಯಲ್ಲಿ ದಿನ ಶುಕ್ರವಾರ, ಕೆಲಸದ ದಿನ. ಹೋಮಕ್ಕೆ ಕೂರುವ ಹತ್ತಿರದವರು ಗುರುವಾರ ಸಂಜೆಯೇ ಬರುತ್ತಾರೆ. ಕೆಲವರು ಬೆಳಿಗ್ಗೆ ಹಾಲು ಉಕ್ಕುವುದನ್ನು ನೋಡಿ, ತಿಂಡಿ ತಿಂದು ಆಫೀಸಿಗೆ ಹೋಗುತ್ತಾರೆ. ಊರಿನಿಂದ ಬರುವವರು ಮಧ್ಯಾಹ್ನದ ಊಟಕ್ಕೆ ತಲುಪುತ್ತಾರೆ. ಉಳಿದವರು ಕೆಲಸ ಮುಗಿಸಿ ಸಂಜೆಯ ಪೂಜೆಗೆ ಬರುತ್ತಾರೆ.

ಮೂಲ ಬರಹವನ್ನು ಈ ನಾಲ್ಕು ಬಗೆಯವರ ಕಣ್ಣಿನಿಂದ ಓದಿದರೆ ಕೊರತೆ ತಾನಾಗಿ ಕಾಣುತ್ತದೆ. ಹೋಮಕ್ಕೆ ಗಂಟೆಯಿಲ್ಲ, ತಿಂಡಿಯ ಮಾತಿಲ್ಲ, ಊಟ ಯಾವ ಹೊತ್ತಿಗೆಂದು ಇಲ್ಲ. ‘ಸಂಜೆ ಸತ್ಯನಾರಾಯಣ ಪೂಜೆ’ ಎಂಬುದು ಹಿಂದಿನ ದಿನದ ವಾಕ್ಯದ ಬೆನ್ನಿಗೇ ಬಂದಿರುವುದರಿಂದ ಗುರುವಾರ ಸಂಜೆಯೆಂದೂ ಓದಬಹುದು. ಗುಂಪಿನಲ್ಲಿ ಬರುವ ಪ್ರಶ್ನೆಗಳು ಬಹುಪಾಲು ಇಂಥ ಖಾಲಿ ಜಾಗಗಳಿಂದಲೇ ಹುಟ್ಟುತ್ತವೆ. ಬರಹವನ್ನು ಎಷ್ಟು ಚಂದ ಮಾಡಿದರೂ ಇಲ್ಲದ ಮಾಹಿತಿ ಬರುವುದಿಲ್ಲ. ಮೊದಲು ಮನೆಯವರನ್ನೂ ಪುರೋಹಿತರನ್ನೂ ಕೇಳಿ ಖಾಲಿ ಜಾಗ ತುಂಬಿಸಿಕೊಳ್ಳಿ.

3. ಮೊದಲ ಎರಡು ಸಾಲು

ಮೊದಲ ಸಾಲಿನಲ್ಲಿ ಸಮಾರಂಭ, ದಿನಾಂಕ, ವಾರ. ಎರಡನೆಯದರಲ್ಲಿ ಬಡಾವಣೆ ಮತ್ತು ಊರು. ಬೀಗದ ತೆರೆಯ ಮೇಲೆ ಕಾಣುವುದು ಇಷ್ಟೇ ಆದರೂ ಓದುವವರು ಆ ದಿನವನ್ನು ಕಾದಿರಿಸಿಕೊಳ್ಳಬಹುದು.

‘ಆತ್ಮೀಯರೇ’ ಎಂದು ಶುರುಮಾಡದಿದ್ದರೆ ಒರಟಾಗುತ್ತದೆಯೇ ಎಂಬ ಅನುಮಾನ ಸಹಜ. ಕರೆಯುವ ಮಾತನ್ನು ಕೈಬಿಡಬೇಡಿ, ಮೂರನೆಯ ಸಾಲಿಗೆ ಇಳಿಸಿ. ‘॥ ಶ್ರೀ ॥ ಮನೆಮಂದಿಯೆಲ್ಲ ಬಂದು ಹರಸಬೇಕು’ ಎಂಬ ಒಂದೇ ಸಾಲು ಸಾಕು. ಮೊದಲ ಸಾಲಿನಲ್ಲಿ ದೇವರ ಹೆಸರು ಇರಲೇಬೇಕು ಎಂದು ಮನೆಯ ಹಿರಿಯರು ಹೇಳಿದರೆ, ‘॥ ಶ್ರೀ ॥ ಗೃಹಪ್ರವೇಶ’ ಎಂದು ಅದೇ ಸಾಲಿನಲ್ಲಿ ಸೇರಿಸಿ. ಪ್ರತ್ಯೇಕ ಸಾಲು ಮಾಡಬೇಡಿ.

ದಿನಾಂಕವನ್ನು 07-02-2025 ಎಂದು ಬರೆಯಬೇಡಿ. ಅಮೆರಿಕದಲ್ಲಿರುವ ಮಕ್ಕಳು ತಿಂಗಳನ್ನು ಮೊದಲು ಓದುವ ರೂಢಿಯಲ್ಲಿರುತ್ತಾರೆ, ಅವರಿಗೆ ಅದು ಜುಲೈ 2 ಆಗುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಪಕ್ಕದಲ್ಲಿ ವಾರವೂ ಇರಲಿ. ವಾರ ಬರೆದರೆ ಇನ್ನೊಂದು ಲಾಭವಿದೆ. ದಿನಾಂಕ ಬರೆಯುವಾಗ ಕೈತಪ್ಪಾಗಿದ್ದರೆ ವಾರಕ್ಕೂ ಅದಕ್ಕೂ ತಾಳೆಯಾಗದೆ ಯಾರಾದರೂ ಹಿಡಿದು ಹೇಳುತ್ತಾರೆ.

4. ಮುಹೂರ್ತವನ್ನು ಬರಬೇಕಾದ ಹೊತ್ತಾಗಿ ಬದಲಿಸಿ

ಹೆಚ್ಚು ಗಮನ ಬೇಕಾಗಿರುವುದು ಈ ಹಂತಕ್ಕೆ. ‘7-20 ರಿಂದ 8-30ರವರೆಗೆ ಸಲ್ಲುವ ಕುಂಭ ಲಗ್ನ’ ಎಂಬುದು ಪುರೋಹಿತರಿಗೆ ಬೇಕಾದ ಲೆಕ್ಕ. ಆ ಹೊತ್ತಿನಲ್ಲಿ ಪೂರ್ವ ದಿಕ್ಕಿನಲ್ಲಿ ಕುಂಭ ರಾಶಿ ಉದಯಿಸುತ್ತಿರುತ್ತದೆ, ಹೊಸಿಲು ದಾಟುವುದು ಅದರೊಳಗೆ ಆಗಬೇಕು ಎಂದು ಅದರ ಅರ್ಥ. ನೆಂಟರು ಮಾತ್ರ ಅದನ್ನು ‘ಎಂಟೂವರೆ ತನಕ ಯಾವಾಗ ಬೇಕಾದರೂ ಹೋಗಬಹುದು’ ಎಂದು ಓದಿಕೊಳ್ಳುತ್ತಾರೆ. 8:25ಕ್ಕೆ ಬಂದವರಿಗೆ ಗೋಪೂಜೆಯೂ ಸಿಗುವುದಿಲ್ಲ, ಹಾಲು ಉಕ್ಕುವುದೂ ಸಿಗುವುದಿಲ್ಲ. ಲಗ್ನ ಆರಂಭವಾದ ಕೂಡಲೇ ಒಳಗೆ ಹೋಗುವುದೇ ಹೆಚ್ಚಿನ ಕಡೆ ರೂಢಿ.

ಪುರೋಹಿತರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ‘ನೆಂಟರು ಎಷ್ಟು ಗಂಟೆಗೆ ಗೇಟಿನ ಹತ್ತಿರ ಇರಬೇಕು?’ ಅವರು ಏಳು ಎಂದರೆ ಬರಹದಲ್ಲಿ 7:00 ಎಂದೇ ಇರಲಿ. ಮುಹೂರ್ತದ ಅವಧಿ ಪತ್ರಿಕೆಯ ಫೋಟೋದಲ್ಲಿ ಇದೆ. ಅದನ್ನು ಮತ್ತೆ ಇಲ್ಲಿ ಬರೆದರೆ ಒಂದೇ ಕಾರ್ಯಕ್ಕೆ ಎರಡು ಹೊತ್ತು ಕಾಣಿಸುತ್ತದೆ.

ಬೆಳಗಿನ ಜಾವದ ಮುಹೂರ್ತವಾದರೆ ಇನ್ನೊಂದು ಅಪಾಯವಿದೆ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ, ಫೋನಿನಲ್ಲಿ ಬದಲಾಗುವುದು ನಡುರಾತ್ರಿ 12ಕ್ಕೆ. ಶುಕ್ರವಾರ ಬೆಳಗಿನ ಜಾವ 4:30 ಎಂಬುದು ಪಂಚಾಂಗದ ಪ್ರಕಾರ ಇನ್ನೂ ಗುರುವಾರವೇ. ಪುರೋಹಿತರು ‘ಗುರುವಾರ ರಾತ್ರಿ ನಾಲ್ಕೂವರೆಗೆ’ ಎಂದು ಬರೆದುಕೊಟ್ಟದ್ದನ್ನು ಹಾಗೇ ಗುಂಪಿಗೆ ಹಾಕಿದರೆ, ಅರ್ಧ ಜನ ಒಂದು ದಿನ ಮೊದಲೇ ಎದ್ದು ಕೂರುತ್ತಾರೆ. ಅಂಥ ಹೊತ್ತನ್ನು ‘ಶುಕ್ರವಾರ, 7 ಫೆಬ್ರವರಿ, ಬೆಳಗಿನ ಜಾವ 4:30 (ಗುರುವಾರ ರಾತ್ರಿ ಮಲಗಿ ಎದ್ದ ಮೇಲೆ)’ ಎಂದು ಬಿಡಿಸಿ ಬರೆಯಿರಿ. ಕಂಸದೊಳಗಿನ ಮಾತು ಅತಿಯೆನಿಸಬಹುದು, ಆದರೂ ಅಗತ್ಯ.

‘ಹಿಂದಿನ ದಿನ’, ‘ಮರುದಿನ’, ‘ಅಂದು ಸಂಜೆ’ ಎಂಬ ಮಾತುಗಳನ್ನೆಲ್ಲ ತೆಗೆದು ವಾರ ಮತ್ತು ದಿನಾಂಕವನ್ನೇ ಹಾಕಿ. ಪ್ರತಿ ದಿನಕ್ಕೂ ಒಂದು ತಲೆಸಾಲು, ಅದರ ಕೆಳಗೆ ಕಾರ್ಯಗಳು. ಪ್ರತಿ ಕಾರ್ಯದ ಸಾಲೂ ಹೊತ್ತಿನಿಂದಲೇ ಆರಂಭವಾಗಲಿ. ಆಗ ಎಡಗಡೆ ಹೊತ್ತುಗಳೆಲ್ಲ ಒಂದರ ಕೆಳಗೊಂದು ನಿಂತು, ಕಣ್ಣು ನೇರವಾಗಿ ಇಳಿಯುತ್ತದೆ.

ಊಟಕ್ಕೆ ಆರಂಭ ಮಾತ್ರವಲ್ಲ, ಮುಗಿಯುವ ಹೊತ್ತೂ ಬೇಕು. ಶುಕ್ರವಾರ ರಾಹುಕಾಲ 10:30ರಿಂದ 12. ಅದನ್ನು ಪಾಲಿಸುವ ಹಿರಿಯರು 12 ಆಗುವವರೆಗೆ ಮನೆ ಬಿಡುವುದಿಲ್ಲ. ಮಲ್ಲೇಶ್ವರದಿಂದಲೋ ಯಲಹಂಕದಿಂದಲೋ ಕನಕಪುರ ರಸ್ತೆಯ ಕಡೆಗೆ ಬರುವಷ್ಟರಲ್ಲಿ ಒಂದೂವರೆ ದಾಟುತ್ತದೆ. ‘12:30ಕ್ಕೆ ಊಟ’ ಎಂದಷ್ಟೇ ಬರೆದರೆ ತಡವಾಯಿತೆಂದು ಅವರು ಹೊರಡುವುದೇ ಇಲ್ಲ. ‘12:30–3:00’ ಎಂದಿದ್ದರೆ ನಿಶ್ಚಿಂತೆಯಿಂದ ಬರುತ್ತಾರೆ.

ವಿದೇಶದಲ್ಲಿರುವವರಿಗೆ ವಿಡಿಯೊ ಕರೆ ಇಟ್ಟುಕೊಂಡಿದ್ದರೆ ಅವರ ಹೊತ್ತನ್ನು ಈ ಸಂದೇಶಕ್ಕೆ ಸೇರಿಸಬೇಡಿ. ಭಾರತದ ಶುಕ್ರವಾರ ಬೆಳಿಗ್ಗೆ 7:00 ಎಂದರೆ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಗುರುವಾರ ರಾತ್ರಿ 8:30. ಇಲ್ಲಿಯವರು ಅದನ್ನು ನೋಡಿದರೆ ಹೋಮದ ಹೊತ್ತೆಂದು ಗೊಂದಲಪಡುತ್ತಾರೆ. ಅವರಿಗೆ ಬೇರೆಯಾಗಿ ಕಳಿಸಿ.

5. ದಾರಿ: ವಿಳಾಸಕ್ಕಿಂತ ಮೊದಲು ಗುರುತು

ಬೆಂಗಳೂರಿನ ವಿಳಾಸದಲ್ಲಿ ಹಂತ, ಬ್ಲಾಕ್, ಮೇನ್, ಕ್ರಾಸ್ ಎಂಬ ಎಣಿಕೆಗಳಿವೆ. ಒಂದೊಂದು ಬಡಾವಣೆಯಲ್ಲೂ ಅವು ಒಂದರಿಂದಲೇ ಮತ್ತೆ ಶುರುವಾಗುತ್ತವೆ. ‘4ನೇ ಬ್ಲಾಕ್, 5ನೇ ಕ್ರಾಸ್’ ಎಂಬ ಜಾಗ ನಗರದಲ್ಲಿ ಎಷ್ಟೋ ಕಡೆ ಇದೆ. ಬಡಾವಣೆಯ ಹೆಸರೂ ದಾರಿ ತಪ್ಪಿಸಬಹುದು. ಬನಶಂಕರಿ ದೇವಸ್ಥಾನದ ಆಸುಪಾಸಿನಿಂದ 6ನೇ ಹಂತ ಬಹಳ ದೂರ. ‘ಬನಶಂಕರಿ’ ಎಂಬುದಷ್ಟನ್ನೇ ಓದಿಕೊಂಡು ಬನಶಂಕರಿ ಮೆಟ್ರೊ ನಿಲ್ದಾಣದಲ್ಲಿ ಇಳಿದವರು ಮತ್ತೆ ರೈಲು ಹತ್ತಬೇಕಾಗುತ್ತದೆ. ಅದೇ ಹಸಿರು ಮಾರ್ಗದಲ್ಲಿ ಜೆ.ಪಿ. ನಗರ, ಯಲಚೇನಹಳ್ಳಿ, ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ ದಾಟಿದ ಮೇಲೆ ವಾಜರಹಳ್ಳಿ ಬರುತ್ತದೆ. ನಮ್ಮ ಮಾದರಿ ಮನೆಗೆ ಹತ್ತಿರದ ನಿಲ್ದಾಣ ಅದು. ಆದ್ದರಿಂದ ಎರಡನೆಯ ಸಾಲಿನಲ್ಲೇ ‘ವಾಜರಹಳ್ಳಿ ಹತ್ತಿರ’ ಎಂದಿರಬೇಕು. ದಾರಿಯ ಭಾಗದಲ್ಲಿ ‘ಬನಶಂಕರಿ ನಿಲ್ದಾಣ ಅಲ್ಲ’ ಎಂದು ಸ್ಪಷ್ಟವಾಗಿ ಬರೆಯಬೇಕು. ಊರಿನಿಂದ ರೈಲಿನಲ್ಲೋ ಬಸ್ಸಿನಲ್ಲೋ ಮೆಜೆಸ್ಟಿಕ್‌ಗೆ ಬರುವವರಿಗೆ ರೇಷ್ಮೆ ಸಂಸ್ಥೆ ಕಡೆಗೆ ಹೋಗುವ ಹಸಿರು ಮಾರ್ಗದ ರೈಲು ಹತ್ತಿ ಎಂಬ ಒಂದು ಸಾಲು ಸಾಕು.

‘ನೀರಿನ ಟ್ಯಾಂಕ್ ಹತ್ತಿರ’ ಎಂಬ ಗುರುತು ಅಲ್ಲೇ ವಾಸಿಸುವವರಿಗೆ ಮಾತ್ರ ಗೊತ್ತು. ಗುರುತು ಎಂದರೆ ಮುಖ್ಯರಸ್ತೆಯಿಂದ ಒಳಗೆ ತಿರುಗುವ ಕಡೆ ಏನಿದೆ ಎಂಬುದು. ಅದು ಆಟೋದವರಿಗೆ ಹೇಳಿದರೆ ತಿಳಿಯುವಂಥದ್ದಾಗಿರಬೇಕು. ಪೆಟ್ರೋಲ್ ಬಂಕ್, ದೇವಸ್ಥಾನ, ಶಾಲೆ ಆದೀತು. ಅಂಗಡಿ ಬೇಡ, ಅದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ಹಾಕಿರುತ್ತದೆ, ಬೋರ್ಡಿನ ದೀಪವೂ ಇರುವುದಿಲ್ಲ.

ಮ್ಯಾಪ್ ಲಿಂಕಿನ ವಿಷಯದಲ್ಲಿ ತಪ್ಪು ಹೆಚ್ಚು. ಮನೆಯಲ್ಲಿ ಕೂತು ವಿಳಾಸ ಟೈಪಿಸಿ ಬಂದ ಮೊದಲ ಫಲಿತಾಂಶವನ್ನೇ ಹಂಚಿಕೊಳ್ಳುತ್ತಾರೆ. ಹೊಸ ಬಡಾವಣೆಯಲ್ಲಿ ಅದು ಬಡಾವಣೆಯ ನಡುಮಧ್ಯಕ್ಕೋ ಹಿಂದಿನ ರಸ್ತೆಗೋ ಬೊಟ್ಟು ಮಾಡುತ್ತದೆ. ಸರಿಯಾದ ಕ್ರಮ ಇದು. ಹೊಸ ಮನೆಯ ಗೇಟಿನ ಹೊರಗೆ, ಬಯಲಿನಲ್ಲಿ ನಿಲ್ಲಿ. ಗೂಗಲ್ ಮ್ಯಾಪ್ಸ್ ತೆರೆದು ನೀಲಿ ಚುಕ್ಕೆ ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಗೇಟಿನ ಜಾಗದ ಮೇಲೆ ಬೆರಳನ್ನು ಒತ್ತಿಹಿಡಿದರೆ ಕೆಂಪು ಗುರುತು ಬೀಳುತ್ತದೆ. ಅದನ್ನು ‘ಶೇರ್’ ಮಾಡಿ ಲಿಂಕ್ ನಕಲು ಮಾಡಿಕೊಳ್ಳಿ. ಮನೆಯೊಳಗೆ ನಿಂತು ತೆಗೆದರೆ ಗುರುತು ಪಕ್ಕದ ಸೈಟಿಗೆ ಜಾರುವುದುಂಟು.

ವಾಟ್ಸಾಪಿನಲ್ಲೇ ಲೊಕೇಶನ್ ಕಳಿಸುವವರು ‘ಲೈವ್ ಲೊಕೇಶನ್’ ಆಯ್ದುಕೊಳ್ಳಬಾರದು. ಅದು ನಿಮ್ಮ ಫೋನ್ ಹೋದಲ್ಲೆಲ್ಲ ಹೋಗುತ್ತದೆ, ಹೆಚ್ಚೆಂದರೆ 8 ಗಂಟೆಯಲ್ಲಿ ನಿಂತೂಹೋಗುತ್ತದೆ. ಹೂವು ತರಲು ಕೆ.ಆರ್. ಮಾರುಕಟ್ಟೆಗೆ ಹೋದರೆ ನೆಂಟರೂ ಅತ್ತ ಹೊರಡುತ್ತಾರೆ.

ವಾಹನದ ಮಾತು ಕೂಡ ಇಲ್ಲೇ ಬರಲಿ. ಮನೆಯ ಮುಂದೆ ಶಾಮಿಯಾನ ಹಾಕಿದರೆ ರಸ್ತೆ ಮುಚ್ಚುತ್ತದೆ, ಕಾರು ಗೇಟಿನವರೆಗೆ ಬರುವುದಿಲ್ಲ. ಹತ್ತಿರದ ಖಾಲಿ ಸೈಟಿನ ಒಡೆಯರನ್ನು ಮೊದಲೇ ಕೇಳಿಕೊಂಡು, ‘ಕಾರು ನಿಲ್ಲಿಸುವುದು: ಎದುರಿನ ಖಾಲಿ ಸೈಟು’ ಎಂದು ಬರೆಯಿರಿ. ನಡೆಯಲಾಗದ ಹಿರಿಯರನ್ನು ಎಲ್ಲಿ ಇಳಿಸಬೇಕು ಎಂಬುದನ್ನೂ ಸೇರಿಸಿ.

6. ಎಲೆ ಲೆಕ್ಕ

ಅಡುಗೆಯವರಿಗೆ ಬೇಕಾದದ್ದು ಹೊತ್ತಿನ ಪ್ರಕಾರ ಎಷ್ಟು ಎಲೆ ಎಂಬ ಲೆಕ್ಕ. ಗುಂಪಿನಲ್ಲಿ ‘ಪೋಲ್’ ಹಾಕುವುದು ಸುಲಭವೆನಿಸುತ್ತದೆ, ಆದರೆ ಅದು ಫೋನುಗಳನ್ನು ಎಣಿಸುತ್ತದೆ. ಚಿಕ್ಕಪ್ಪ ಒಂದು ಮತ ಒತ್ತಿ ಐದು ಜನರನ್ನು ಕರೆದುಕೊಂಡು ಬರುತ್ತಾರೆ. ಇನ್ನೊಂದು ಮನೆಯ ಮೂವರು ಒಂದೊಂದು ಮತ ಒತ್ತಿ ಒಬ್ಬರೇ ಬರುವುದೂ ಇದೆ. ಅದರ ಬದಲು ಉತ್ತರ ಹೇಗಿರಬೇಕೆಂದು ನೀವೇ ತೋರಿಸಿಕೊಡಿ: ‘ಮಧ್ಯಾಹ್ನ 4’ ಅಥವಾ ‘ಸಂಜೆ 2’. ಗುಂಪಿನಲ್ಲಿ ಬೇಡ, ಮನೆಯ ಒಬ್ಬರ ನಂಬರಿಗೆ ಕಳಿಸಲು ಹೇಳಿ. ಎಪ್ಪತ್ತು ಉತ್ತರಗಳು ಗುಂಪಿಗೇ ಬಂದರೆ ಕರೆಯೋಲೆ ಅವುಗಳ ಅಡಿಯಲ್ಲಿ ಹೂತುಹೋಗುತ್ತದೆ.

ಕೊನೆಯ ದಿನವನ್ನು ಅಡುಗೆಯವರು ಕೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಇಡಿ. ಅವರು ಸೋಮವಾರ ಕೇಳಿದ್ದರೆ ‘2 ಫೆಬ್ರವರಿ, ಭಾನುವಾರ ಸಂಜೆಯೊಳಗೆ’ ಎಂದು ಬರೆಯಿರಿ. ಹಿರಿಯರಿಗೆ ಫೋನ್ ಮಾಡಿಯೇ ಕರೆಯಬೇಕು, ಆಗಲೇ ಲೆಕ್ಕವನ್ನೂ ಕೇಳಿಕೊಳ್ಳಿ. ಗುಂಪಿನ ಬರಹವನ್ನೇ ಕರೆದಂತೆ ಎಂದು ಎಲ್ಲರೂ ಒಪ್ಪುವುದಿಲ್ಲ. ಕರೆ ಬಾರದೆ ಲೆಕ್ಕ ಕಳಿಸಲು ಕೆಲವರಿಗೆ ಮನಸ್ಸೂ ಬಾರದು.

7. ದಪ್ಪ ಅಕ್ಷರ, ಖಾಲಿ ಸಾಲು

ವಾಟ್ಸಾಪಿನಲ್ಲಿ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ. ಇದರಲ್ಲಿ ಮೂರು ಕಡೆ ಎಡವುತ್ತಾರೆ. ನಕ್ಷತ್ರಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟರೆ ದಪ್ಪವಾಗುವುದಿಲ್ಲ, ನಕ್ಷತ್ರವೇ ಕಾಣುತ್ತದೆ. ಒಂದು ಸಾಲಿನಲ್ಲಿ ತೆರೆದದ್ದನ್ನು ಅದೇ ಸಾಲಿನಲ್ಲಿ ಮುಚ್ಚಬೇಕು. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳುವುದರಿಂದ, ನಡುವೆ ಮುಚ್ಚದೆ ಪ್ರತ್ಯಯದ ಸಮೇತ ಇಡೀ ಪದವನ್ನು ಒಳಗೆ ಸೇರಿಸಿ:

```
*ಶುಕ್ರವಾರ*ದಂದು     (ಹೀಗೆ ಬೇಡ)
*ಶುಕ್ರವಾರದಂದು*     (ಹೀಗೆ ಇರಲಿ)
```

ದಪ್ಪ ಅಕ್ಷರ ಮೊದಲ ಎರಡು ಸಾಲಿಗೆ ಮತ್ತು ತಲೆಸಾಲುಗಳಿಗೆ ಮಾತ್ರ. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ. ಹೂವು, ದೀಪ, ಕೈಮುಗಿಯುವ ಚಿತ್ರಗಳನ್ನು ಕೊನೆಯಲ್ಲಿ ಒಂದಿಟ್ಟರೆ ಸಾಕು. ಭಾಗಕ್ಕೂ ಭಾಗಕ್ಕೂ ನಡುವೆ ಒಂದು ಖಾಲಿ ಸಾಲು ಬಿಡಿ. ಅಂಕಿಗಳು ೭ ಎಂದಲ್ಲ, 7 ಎಂದಿರಲಿ, ಮುಖ್ಯವಾಗಿ ಫೋನ್ ನಂಬರಿನಲ್ಲಿ. ನಂಬರನ್ನು ಒತ್ತಿ ಕರೆ ಮಾಡಲು ಅದೇ ಸರಿ.

ತಿದ್ದಿದ ಮೇಲೆ ನಮ್ಮ ಮಾದರಿ ಹೀಗಾಗುತ್ತದೆ. ಕಂಸದೊಳಗಿನದನ್ನು ನಿಮ್ಮ ಮಾಹಿತಿಯಿಂದ ತುಂಬಿಕೊಳ್ಳಿ.

```
*ಗೃಹಪ್ರವೇಶ: 7 ಫೆಬ್ರವರಿ 2025, ಶುಕ್ರವಾರ*
*ಬನಶಂಕರಿ 6ನೇ ಹಂತ, ವಾಜರಹಳ್ಳಿ ಹತ್ತಿರ, ಬೆಂಗಳೂರು*
॥ ಶ್ರೀ ॥ ಮನೆಮಂದಿಯೆಲ್ಲ ಬಂದು ಹರಸಬೇಕು.

*ಗುರುವಾರ, 6 ಫೆಬ್ರವರಿ*
ಸಂಜೆ 6:30 ವಾಸ್ತು ಹೋಮ, ನಂತರ ಊಟ

*ಶುಕ್ರವಾರ, 7 ಫೆಬ್ರವರಿ*
ಬೆಳಿಗ್ಗೆ 7:00 ಗೋಪೂಜೆ, ಹೊಸಿಲು ಪೂಜೆ, ಹಾಲು ಉಕ್ಕಿಸುವುದು
ಬೆಳಿಗ್ಗೆ 8:00–10:00 ತಿಂಡಿ
ಮಧ್ಯಾಹ್ನ 12:30–3:00 ಊಟ
ಸಂಜೆ 6:00 ಸತ್ಯನಾರಾಯಣ ಪೂಜೆ
ರಾತ್ರಿ 7:30–9:00 ಪ್ರಸಾದ, ಊಟ

*ದಾರಿ*
ಮ್ಯಾಪ್: (ಲಿಂಕ್)
ವಿಳಾಸ: (ಮನೆ ನಂಬರ್, ಕ್ರಾಸ್, ಮೇನ್), 4ನೇ ಬ್ಲಾಕ್
ತಿರುವಿನ ಗುರುತು: (ಮುಖ್ಯರಸ್ತೆಯಲ್ಲಿ ಕಾಣುವುದು)
ಮೆಟ್ರೊ: ವಾಜರಹಳ್ಳಿ, ಹಸಿರು ಮಾರ್ಗ (ಬನಶಂಕರಿ ನಿಲ್ದಾಣ ಅಲ್ಲ)
ಕಾರು: ಎದುರಿನ ಖಾಲಿ ಸೈಟು

*ಎಷ್ಟು ಜನ ಬರುತ್ತೀರಿ?*
2 ಫೆಬ್ರವರಿ, ಭಾನುವಾರ ಸಂಜೆಯೊಳಗೆ ತಿಳಿಸಿ
(ಹೆಸರು, ಫೋನ್ ನಂಬರ್). ಉದಾ: ಮಧ್ಯಾಹ್ನ 4

(ಆಹ್ವಾನಿಸುವವರ ಹೆಸರು)
```

ಮೂಲದ್ದಕ್ಕಿಂತ ಸಾಲುಗಳು ಹೆಚ್ಚಾಗಿವೆ. ಅದರಿಂದ ತೊಂದರೆಯಿಲ್ಲ. ಕೊನೆಯ ಭಾಗ ‘ರೀಡ್ ಮೋರ್’ ಒಳಗೆ ಹೋದರೂ ದಿನ, ಬಡಾವಣೆ, ಹೊತ್ತು ಮೇಲೆಯೇ ಉಳಿಯುತ್ತವೆ. ಮ್ಯಾಪ್ ಲಿಂಕ್ ಬಿಟ್ಟು ಬೇರೆ ಯಾವ ಲಿಂಕನ್ನೂ ಇದರಲ್ಲಿ ಹಾಕಬೇಡಿ.

8. ಹಾಕುವ ಮುಂಚೆ ಒಬ್ಬರಿಗೆ ಓದಿಸಿ

ಮೊದಲು ಮನೆಯ ಹೊರಗಿನ ಒಬ್ಬರಿಗೆ ಕಳಿಸಿ. ಅಕ್ಷರ ದೊಡ್ಡದಾಗಿ ಇಟ್ಟುಕೊಂಡಿರುವ ಹಿರಿಯರಾದರೆ ಒಳ್ಳೆಯದು. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಎಲ್ಲರೂ ಆಯಿತೆಂದೇ ಹೇಳುತ್ತಾರೆ. ‘ಹೋಮ ಯಾವತ್ತು? ನೀವು ಎಷ್ಟು ಗಂಟೆಗೆ ಮನೆ ಬಿಡುತ್ತೀರಿ? ಎಲ್ಲಿ ಇಳಿಯುತ್ತೀರಿ?’ ಎಂದು ಕೇಳಿ. ತಡವರಿಸಿದ ಕಡೆ ಬರಹ ತಿದ್ದಿ. ಲಿಂಕನ್ನು ಬೇರೆಯವರ ಫೋನಿನಲ್ಲಿ ಒತ್ತಿ ನೋಡಿ, ಗುರುತು ಗೇಟಿನ ಮೇಲೆಯೇ ಬೀಳಬೇಕು.

ಗುಂಪಿಗೆ ಹಾಕಿದ ಕೂಡಲೇ ಸಂದೇಶವನ್ನು ಒತ್ತಿಹಿಡಿದು ‘ಪಿನ್’ ಮಾಡಿ. ಪಿನ್ ಎಂದರೆ ಗುಂಪಿನ ನೆತ್ತಿಯಲ್ಲಿ ಸಿಕ್ಕಿಸಿಡುವುದು. 24 ಗಂಟೆ, 7 ದಿನ, 30 ದಿನ ಎಂಬ ಆಯ್ಕೆಗಳು ಬರುತ್ತವೆ. ಸಮಾರಂಭ ಹತ್ತು ದಿನ ದೂರವಿದ್ದರೆ 7 ದಿನ ಆಯ್ದುಕೊಂಡವರ ಪಿನ್ ಬೇಕಾದ ದಿನಕ್ಕೆ ಮುಂಚೆಯೇ ಬಿದ್ದುಹೋಗುತ್ತದೆ, 30 ದಿನವೇ ಇರಲಿ. ಕೆಲವು ಗುಂಪುಗಳಲ್ಲಿ ಪಿನ್ ಮಾಡುವ ಅಧಿಕಾರ ಅಡ್ಮಿನ್‌ಗೆ ಮಾತ್ರ ಇರುತ್ತದೆ, ಅವರಿಗೆ ಮೊದಲೇ ಹೇಳಿಡಿ.

9. ಹೊತ್ತು ಬದಲಾದರೆ

ಕಳಿಸಿದ 15 ನಿಮಿಷದವರೆಗೆ ‘ಎಡಿಟ್’ ಮಾಡಬಹುದು. ಅಕ್ಷರ ತಪ್ಪಿದ್ದರೆ ಅಷ್ಟು ಸಾಕು. ಹೊತ್ತು ಅಥವಾ ಸ್ಥಳ ಬದಲಾದರೆ 15 ನಿಮಿಷದೊಳಗೇ ಆಗಿದ್ದರೂ ಎಡಿಟ್ ಒಂದನ್ನೇ ನೆಚ್ಚಬೇಡಿ. ಮೊದಲೇ ಓದಿದವರು ಮತ್ತೆ ತೆರೆದು ನೋಡುವುದಿಲ್ಲ, ಅಷ್ಟರಲ್ಲಿ ಬೇರೆ ಗುಂಪಿಗೆ ಫಾರ್ವರ್ಡ್ ಆಗಿಹೋದ ಪ್ರತಿಗಳು ನಿಮ್ಮ ತಿದ್ದುಪಡಿಯಿಂದ ಬದಲಾಗುವುದೂ ಇಲ್ಲ.

ಹಳೆಯ ಸಂದೇಶಕ್ಕೆ ಉತ್ತರ ಕೊಡುವ ಹಾಗೆ ಹೊಸ ಸಂದೇಶ ಹಾಕಿ. ಬದಲಾದದ್ದನ್ನು ಮಾತ್ರ ಬರೆಯಿರಿ, ಬದಲಾಗದ್ದನ್ನೂ ಒಂದು ಸಾಲಿನಲ್ಲಿ ಖಚಿತಪಡಿಸಿ:

```
*ಬದಲಾವಣೆ: ಗುರುವಾರದ ವಾಸ್ತು ಹೋಮ*
ಹೊಸ ಹೊತ್ತು: ಸಂಜೆ 5:30 (ಮೊದಲು 6:30 ಎಂದಿತ್ತು)
ಶುಕ್ರವಾರದ ಕಾರ್ಯಕ್ರಮ ಹಾಗೇ ಇದೆ.
```

ನಂತರ ಪೂರ್ತಿ ಕರೆಯೋಲೆಯನ್ನು ತಿದ್ದಿ ಮತ್ತೊಮ್ಮೆ ಹಾಕಿ, ಹಳೆಯ ಪಿನ್ ತೆಗೆದು ಇದನ್ನು ಪಿನ್ ಮಾಡಿ. ಎರಡೂ ನೆತ್ತಿಯಲ್ಲಿ ಉಳಿದರೆ ಗುರುವಾರ ಕೆಲವರು 5:30ಕ್ಕೂ ಕೆಲವರು 6:30ಕ್ಕೂ ಬರುತ್ತಾರೆ. ಹೋಮಕ್ಕೆ ಬರುವೆವೆಂದು ಲೆಕ್ಕ ಕಳಿಸಿದವರ ಹೆಸರುಗಳು ನಿಮ್ಮ ಬಳಿ ಇದ್ದೇ ಇವೆ, ಅವರಿಗಷ್ಟು ಫೋನ್ ಮಾಡಿ ತಿಳಿಸಿ.